ಸ್ವಯಂಚಾಲಿತ ಗೇರ್‌ಬಾಕ್ಸಿನ ತೈಲಗಳು

ಸ್ವಯಂಚಾಲಿತ ಗೇರ್‌ಬಾಕ್ಸಿನೊಳಗೆ ಸಂಚರಿಸುವ ದ್ರವವನ್ನು ರೂಢಿಯಲ್ಲಿ ಎಣ್ಣೆಯೆಂದೇ ಕರೆಯುವರಾದರೂ, ಸವೆತವನ್ನು ತಡೆಯುವುದು ಅದರ ಕಾರ್ಯಗಳಲ್ಲಿ ಒಂದು ಮಾತ್ರ. ಒತ್ತಡವನ್ನು ಒಯ್ಯುವುದೂ, ಶಾಖವನ್ನು ಹೊರಸಾಗಿಸುವುದೂ, ಚಲಿಸುವ ಎರಡು ಮೇಲ್ಮೈಗಳು ಒಂದನ್ನೊಂದು ಹಿಡಿಯುವಾಗ ಆ ಹಿಡಿತಕ್ಕೆ ತಕ್ಕಷ್ಟು ಘರ್ಷಣೆಯನ್ನು ಉಳಿಸಿಕೊಡುವುದೂ ಅದಕ್ಕೇ ಸೇರಿವೆ. ಈ ಕೊನೆಯ ಕಾರ್ಯವನ್ನು ಸಾಧಿಸುವ ಪ್ರಯತ್ನದಿಂದಲೇ ಇಷ್ಟೊಂದು ಬಗೆಯ ತೈಲಗಳು ಹುಟ್ಟಿಕೊಂಡವು.

ಜನರಲ್ ಮೋಟಾರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾ-ಮ್ಯಾಟಿಕ್ ಗೇರ್‌ಬಾಕ್ಸನ್ನು ಅಳವಡಿಸಿದಾಗ ಅದಕ್ಕೆ ಪ್ರತ್ಯೇಕ ತೈಲವಿರಲಿಲ್ಲ. ಎಂಜಿನ್ ಆಯಿಲನ್ನೇ ಬಳಸುತ್ತಿದ್ದರು. 1949ರಲ್ಲಿ ‘ಟೈಪ್ ಎ’ ಎಂಬ ವಿಶಿಷ್ಟ ದ್ರವವು ರೂಪುಗೊಂಡಿತು. 1967ರಲ್ಲಿ ಡೆಕ್ಸ್‌ರಾನ್ ಅದರ ಸ್ಥಾನಕ್ಕೆ ಬಂದಿತು. ಕ್ಲಚ್ಚಿನ ಫಲಕಗಳು ಜರ್ಕು ಹೊಡೆಯದೆ ಮೃದುವಾಗಿ ಕೂಡಿಕೊಳ್ಳಲೆಂದು ಇವುಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಬೆರೆಸುತ್ತಿದ್ದರು. ಆ ದ್ರವ್ಯಗಳಲ್ಲಿ ಪ್ರಧಾನವಾಗಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅಮೆರಿಕವು 1970ರ ದಶಕದ ಆದಿಯಲ್ಲಿ ಅದನ್ನು ನಿಷೇಧಿಸಿದ ಮೇಲೆ ರಸಾಯನಜ್ಞರು ಬದಲಿಯನ್ನು ಅರಸಬೇಕಾಯಿತು. ಫೋರ್ಡ್ ಸಂಸ್ಥೆಯಾದರೋ ಆ ಕಾಲದಲ್ಲಿ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು, ಅಂಥ ದ್ರವ್ಯಗಳಿಲ್ಲದ, ಫಲಕಗಳು ಥಟ್ಟನೆ ಬಿಗಿಯುವಂತೆ ಮಾಡುವ ‘ಟೈಪ್ ಎಫ್’ ತೈಲವನ್ನು ಬಳಕೆಗೆ ತಂದಿತು. ಒಂದರ ಪೆಟ್ಟಿಗೆಗೆ ಇನ್ನೊಂದರ ತೈಲವನ್ನು ಹೊಯ್ದರೆ, ಗೇರು ಒಂದೋ ಒರಟಾಗಿ ಬೀಳುತ್ತಿತ್ತು, ಇಲ್ಲವೇ ಜಾರುತ್ತ ಫಲಕವನ್ನು ಸುಡುತ್ತಿತ್ತು. ಎಲ್ಲಕ್ಕೂ ಒಂದೇ ತೈಲವೆಂಬ ಮಾತು, ಎಣ್ಣೆಯಲ್ಲಿ ನೆನೆದು ಓಡುವ ಸಿವಿಟಿ ಇನ್ನೂ ಚಿತ್ರದಲ್ಲಿಲ್ಲದ ಅಂದಿಗೇ, ನಿಲ್ಲುವಂತಿರಲಿಲ್ಲ.

ಹಾಲೆಂಡಿನ ಡಾಫ್ ಕಾರಿನಲ್ಲಿ 1958ರಲ್ಲಿ ಬಂದ ಸಿವಿಟಿಯ ಬೆಲ್ಟು ರಬ್ಬರಿನದು. ಅದು ಎಣ್ಣೆಯಿಲ್ಲದೆ ಒಣದಾಗಿಯೇ ಓಡುತ್ತಿತ್ತು. ಆ ಕಾರಿನ ನಿರ್ಮಾತೃವಾದ ಹಬ್ ವಾನ್ ಡೋರ್ನೆಯೇ ಮುಂದೆ ಉಕ್ಕಿನ ಬೆಲ್ಟನ್ನು ಕಲ್ಪಿಸಿದನು: ತೆಳುವಾದ ಉಕ್ಕಿನ ಬಳೆಗಳ ಮೇಲೆ ಸುಮಾರು 400 ಚಿಕ್ಕ ತುಂಡುಗಳು ಒತ್ತೊತ್ತಾಗಿ ನಿಂತು, ಒಂದು ಪುಲ್ಲಿಯಿಂದ ಮತ್ತೊಂದಕ್ಕೆ ಬಲವನ್ನು ಎಳೆಯದೆ ತಳ್ಳುತ್ತವೆ. 1987ರ ಸುಬಾರು ಜಸ್ಟಿಯ ಮೂಲಕ ಇದು ಮಾರುಕಟ್ಟೆಗೆ ಬಂದಿತು. ಇಲ್ಲಿ ಉಕ್ಕು ಉಕ್ಕನ್ನೇ ಹಿಡಿಯಬೇಕು, ಅದೂ ಎಣ್ಣೆಯಲ್ಲಿ ನೆನೆದಿರುವಾಗ. ಆದಕಾರಣ ಫಲಕಗಳ ಮೃದುತ್ವಕ್ಕಾಗಿ ಘರ್ಷಣೆಯನ್ನು ತಗ್ಗಿಸಿದ ತೈಲವು ಇಲ್ಲಿ ಹಿಡಿತವನ್ನೇ ತಗ್ಗಿಸೀತು. ಸಿವಿಟಿಗೆಂದೇ ಸಿದ್ಧವಾದ ತೈಲವು ಉಕ್ಕಿನ ಮೇಲೆ ತೆಳುವಾದ ರಾಸಾಯನಿಕ ಪೊರೆಯನ್ನು ಕಟ್ಟಿ, ಸವೆತವನ್ನು ತಡೆಯುತ್ತಲೇ ಹಿಡಿತವನ್ನೂ ಕಾಪಾಡುತ್ತದೆ.

ವ್ಯತ್ಯಾಸವೆಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬೆಲ್ಟು 35 ಮಿಲಿಮೀಟರ್ ತ್ರಿಜ್ಯದಲ್ಲಿ ಸುತ್ತುತ್ತಿದೆಯೆಂದೂ, ಎಂಜಿನ್ನಿನ ಟಾರ್ಕು 140 ನ್ಯೂಟನ್-ಮೀಟರ್ ಎಂದೂ, ಪುಲ್ಲಿಯ ಇಳಿಜಾರು 11 ಡಿಗ್ರಿಯೆಂದೂ ಭಾವಿಸೋಣ. ಘರ್ಷಣಾಂಕವು 0.11 ಇದ್ದರೆ, ಬೆಲ್ಟು ಜಾರದಿರಲು ಪುಲ್ಲಿಯನ್ನು ಸುಮಾರು 17,800 ನ್ಯೂಟನ್ ಬಲದಿಂದ ಅಮುಕಬೇಕು. ಸುರಕ್ಷೆಗಾಗಿ ಶೇಕಡಾ 30ರಷ್ಟು ಹೆಚ್ಚು ಅಮುಕುವಂತೆ ನಿಯಂತ್ರಕವನ್ನು ರೂಪಿಸಿದ್ದರೆ, ಬೆಲ್ಟು 182ರವರೆಗಿನ ಟಾರ್ಕನ್ನು ತಾಳಬಲ್ಲದು. ಈಗ ಬೇರೊಂದು ತೈಲದಿಂದ ಘರ್ಷಣಾಂಕವು 0.09ಕ್ಕೆ ಇಳಿಯಿತೆನ್ನಿ, ನಿಯಂತ್ರಕಕ್ಕೆ ಇದು ತಿಳಿಯುವುದಿಲ್ಲ, ಅದು ಮೊದಲಿನಷ್ಟೇ ಅಮುಕುತ್ತದೆ, ಬೆಲ್ಟಿನ ಶಕ್ತಿಯಾದರೋ 149ಕ್ಕೆ ಕುಸಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಏನೂ ತೋರಲಾರದು. ಜಾರುತ್ತಿದ್ದ ಚಕ್ರವು ಹಳ್ಳದಿಂದೆದ್ದು ಒಣನೆಲವನ್ನು ಥಟ್ಟನೆ ಕಚ್ಚಿದಾಗ ಉಂಟಾಗುವ ಆಘಾತವು ಉಳಿದಿರುವ ಆ ಅಲ್ಪ ಅಂತರವನ್ನು ಮೀರಿ, ಬೆಲ್ಟು ಕ್ಷಣಮಾತ್ರ ಜಾರಿ ಪುಲ್ಲಿಯ ಮುಖವನ್ನು ಗೀರುತ್ತದೆ. ಗೀರಿದ ಉಕ್ಕು ಮತ್ತೆ ನಯವಾಗದು.

ಎಲ್ಲ ಸ್ವಯಂಚಾಲಿತ ಗೇರ್‌ಬಾಕ್ಸುಗಳಿಗೂ, ಸಿವಿಟಿಗೂ, ಸಲ್ಲುವುದೆಂದು ಡಬ್ಬಿಯ ಮೇಲೆ ಬರೆದಿರುವ ತೈಲಗಳ ಬಗ್ಗೆ ಗಮನಿಸಬೇಕಾದುದೇನೆಂದರೆ, ‘ಸಲ್ಲುತ್ತದೆ’ ಎಂಬುದು ಅನೇಕ ವೇಳೆ ತೈಲ ತಯಾರಕನ ಹೇಳಿಕೆಯೇ ಹೊರತು ಕಾರು ತಯಾರಕನ ಒಪ್ಪಿಗೆಯಲ್ಲ. ನಿಸ್ಸಾನಿನ ಎನ್‌ಎಸ್-3, ಹೋಂಡಾದ ಎಚ್‌ಸಿಎಫ್-2 ಮುಂತಾದವು ಆಯಾ ಪೆಟ್ಟಿಗೆಯ ಬೆಲ್ಟು, ಪಂಪು, ಕ್ಲಚ್ಚುಗಳೊಡನೆಯೇ ಪರೀಕ್ಷಿತವಾದವು. ಅಂತಹ ಡಬ್ಬಿಯ ತೈಲವು ಕೆಲವು ಸಿವಿಟಿಗಳಲ್ಲಿ ದೋಷವಿಲ್ಲದೆ ನಡೆಯಲೂಬಹುದು; ಅದು ತನ್ನ ಪೆಟ್ಟಿಗೆಗೆ ಒಗ್ಗದೆಂಬುದು ಮಾಲೀಕನಿಗೆ ತಡವಾಗಿ ತಿಳಿಯುವುದೇ ತೊಂದರೆ. ನಿಧಾನವೇಗದಲ್ಲಿ ನಡುಕ, ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿರುವುದು, ಕೊರೆಯುವಂಥ ಧ್ವನಿ, ತಳದ ತಟ್ಟೆಯ ಅಯಸ್ಕಾಂತಕ್ಕೆ ಎಂದಿಗಿಂತ ದಪ್ಪವಾಗಿ ಅಂಟಿದ ಬೂದುಬಣ್ಣದ ಉಕ್ಕಿನ ಹುಡಿ: ಇವು ಲಕ್ಷಣಗಳು.

ಹೆಸರನ್ನಷ್ಟೇ ನೋಡಿ ತೈಲವನ್ನು ಆರಿಸುವುದೂ ಸಲ್ಲದು. ಟೊಯೊಟಾ ಪ್ರಿಯಸ್ಸಿನ ‘ಇ-ಸಿವಿಟಿ’ಯಲ್ಲಿ ಬೆಲ್ಟೇ ಇಲ್ಲ, ಗೇರುಗಳಿವೆ, ಅದರ ಅನೇಕ ಮಾದರಿಗಳಿಗೆ ಎಟಿಎಫ್ ಡಬ್ಲ್ಯೂಎಸ್ ಎಂಬ ಸಾಮಾನ್ಯ ವರ್ಗದ ತೈಲವೇ ಯೋಗ್ಯ. ಆದಕಾರಣ ಕೈಪಿಡಿಯಲ್ಲಿ ಮುದ್ರಿತವಾದ ತೈಲದ ಹೆಸರೇ ಪ್ರಮಾಣ. ತಪ್ಪು ತೈಲವನ್ನು ಹಾಕಿಯಾಗಿದ್ದರೆ ಒಮ್ಮೆ ಇಳಿಸಿ ತುಂಬಿದ ಮಾತ್ರಕ್ಕೆ ಅದು ಹೋಗದು, ಏಕೆಂದರೆ ಟಾರ್ಕ್ ಕನ್ವರ್ಟರಿನಲ್ಲಿಯೂ ಕೊಳವೆಗಳಲ್ಲಿಯೂ ಗಣನೀಯ ಭಾಗ ಉಳಿದುಬಿಡುತ್ತದೆ. ಸ್ವಲ್ಪ ದೂರ ಓಡಿಸಿ ಮತ್ತೆ ಇಳಿಸಿ, ಎರಡು ಮೂರು ಬಾರಿ ಬದಲಾಯಿಸಿದರೆ ಮಾತ್ರ ಹಳೆಯದರ ಪಾಲು ಕ್ಷೀಣಿಸುತ್ತದೆ.