ಆಸ್ತಿ ತೆರಿಗೆಯ ಬೇಡಿಕೆ ನೋಟೀಸು: ಪರಿಶೀಲನೆ

ನಗರಾಡಳಿತವು ಕಟ್ಟಡದ ಮಾಲೀಕನಿಗೆ ಕಳುಹಿಸಿದ ಬೇಡಿಕೆ ನೋಟೀಸಿನಲ್ಲಿ ವಲಯದರ, ನಿರ್ಮಿತ ವಿಸ್ತೀರ್ಣ, ಕಟ್ಟಡದ ವಯಸ್ಸು ಹಾಗೂ ಉಪಯೋಗ ಎಂಬ ನಾಲ್ಕು ಅಂಶಗಳನ್ನು ವಸ್ತುಸ್ಥಿತಿಯೊಡನೆ ಹೋಲಿಸಿ, ತೆರಿಗೆಯನ್ನು ಮರಳಿ ಗಣಿಸುವ ಕ್ರಮ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2008ರಲ್ಲಿ ಜಾರಿಗೆ ತಂದ ಘಟಕ ವಿಸ್ತೀರ್ಣ ಪದ್ಧತಿಯಲ್ಲಿ ಬೀದಿಗಳು ಮಾರ್ಗಸೂಚಿ ಬೆಲೆಗನುಸಾರವಾಗಿ ವಲಯಗಳಾಗಿ ವಿಭಾಗಗೊಂಡುವು. ಬಾಡಿಗೆಯ ಮನೆಗೆ ಸ್ವಂತ ವಾಸದ ಮನೆಯ ಇಮ್ಮಡಿ ದರವು ಗೊತ್ತಾಯಿತು.

ಉದಾಹರಣೆಗೆ, ಸ್ವಂತ ವಾಸದ 1,000 ಚದರಡಿಯ ಮನೆಗೆ ತಿಂಗಳಿಗೆ ಚದರಡಿಯೊಂದಕ್ಕೆ 2 ರೂಪಾಯಿ ದರವಿರಲು, ಪದ್ಧತಿಯಂತೆ ಹತ್ತು ತಿಂಗಳಿಗೆ 20,000 ರೂಪಾಯಿ ಆಗುವುದು. ವಯಸ್ಸಿನ ಸವಕಳಿ ಶೇ. 15 ಎಂದಾದರೆ 3,000 ಕಳೆದು 17,000 ಉಳಿಯುವುದು, ಅದರ ಶೇ. 20ರಂತೆ ತೆರಿಗೆ 3,400, ಆ ತೆರಿಗೆಯ ಮೇಲೆ ಶೇ. 24ರಂತೆ ಉಪಕರ 816, ಒಟ್ಟು 4,216 ರೂಪಾಯಿ.

ತಪ್ಪಿನ ಸ್ವರೂಪವನ್ನು ಮೊತ್ತವೇ ಬಹುಮಟ್ಟಿಗೆ ಹೊರಗೆಡಹುತ್ತದೆ. ಇದೇ ಮನೆಗೆ ನೋಟೀಸು 8,432 ರೂಪಾಯಿ ಕೇಳಿದ್ದರೆ, ಸರಿಯಾಗಿ ಇಮ್ಮಡಿಯಾದುದರಿಂದ, ಮನೆಯು ಬಾಡಿಗೆಯದೆಂದು ದಾಖಲಾಗಿರುವ ಸಂಭವವೇ ಹೆಚ್ಚು; 4,960 ಎಂದಿದ್ದರೆ ಸವಕಳಿಯನ್ನು ಕಳೆದಿಲ್ಲವೆಂದು ತಿಳಿಯಬಹುದು. ವಿಸ್ತೀರ್ಣದ ತಪ್ಪು ಇಷ್ಟು ಸುಲಭವಾಗಿ ಗೋಚರಿಸದು: ನಿವೇಶನದ ಅಳತೆಯನ್ನೇ ನಿರ್ಮಿತ ವಿಸ್ತೀರ್ಣವೆಂದು ಬರೆದಿರಬಹುದಾದ್ದರಿಂದ, ಮಂಜೂರಾದ ನಕ್ಷೆಯನ್ನು ನೋಡಿದರಷ್ಟೇ ಸಾಲದು, ಅಂತಸ್ತು ಅಂತಸ್ತಾಗಿ ಅಳೆಯಬೇಕು. ಕೆಳಗಿನ ಅಂತಸ್ತು ಅಂಗಡಿ, ಮೇಲಿನದು ವಾಸ ಎಂದಿರುವಲ್ಲಿ ಎರಡನ್ನೂ ಪ್ರತ್ಯೇಕವಾಗಿಯೇ ಗಣಿಸತಕ್ಕದ್ದು.