ವಿವರಣೆಯಿಂದ ಹಕ್ಕಿಯನ್ನು ಗುರುತಿಸುವಿಕೆ

ವಿವರಣೆಯಿಂದ ಹಕ್ಕಿಯನ್ನು ಗುರುತಿಸುವಿಕೆ ಎಂದರೆ ಛಾಯಾಚಿತ್ರ ಇಲ್ಲದಿರುವಾಗ ಅಥವಾ ಕಳೆದುಹೋದಾಗ, ನೋಡಿದವರು ಮಾತಿನಲ್ಲಿ ಹೇಳುವ ಗಾತ್ರ, ಕೊಕ್ಕು, ಗರಿಗಳ ಬಣ್ಣ, ಕೂಗು ಮತ್ತು ನೆಲೆಗಳ ಆಧಾರದ ಮೇಲೆ ಹಕ್ಕಿಯ ಪ್ರಭೇದವನ್ನು ನಿರ್ಣಯಿಸುವ ಕ್ರಮ. ಒಂದೇ ಲಕ್ಷಣವನ್ನು ಹಿಡಿದು ಹೆಸರು ಹೇಳುವುದು ಇದರ ವಿಧಾನವಲ್ಲ. ಸಾಧ್ಯವಿರುವ ಹಕ್ಕಿಗಳನ್ನು ಪಟ್ಟಿ ಮಾಡಿ, ವಿವರಣೆಗೆ ಹೊಂದದವುಗಳನ್ನು ಒಂದೊಂದಾಗಿ ಕೈಬಿಡುತ್ತಾ ಹೋಗಲಾಗುತ್ತದೆ. ಹಕ್ಕಿಗಳ ದಾಖಲೆಗಳನ್ನು ಸಂಗ್ರಹಿಸುವ ಇ-ಬರ್ಡ್‌ನಂತಹ ಜಾಲತಾಣಗಳಲ್ಲಿಯೂ ಅಪರೂಪದ ಹಕ್ಕಿಯನ್ನು ಕಂಡವರು ಚಿತ್ರವಿಲ್ಲದಿದ್ದರೆ ಲಿಖಿತ ವಿವರಣೆ ನೀಡಬೇಕಾಗುತ್ತದೆ. ದಾಖಲೆ ಉಳಿಯುವುದೂ ಬೀಳುವುದೂ ಆ ವಿವರಣೆಯನ್ನು ಅವಲಂಬಿಸಿರುತ್ತದೆ.

## ವಿವರಣೆಯನ್ನು ಪಡೆಯುವ ಬಗೆ

ಹಕ್ಕಿಯನ್ನು ನೋಡಿದ ದಿನವೇ, ಯಾವುದೇ ಪುಸ್ತಕ ಅಥವಾ ಚಿತ್ರಪಟವನ್ನು ತೆರೆಯುವ ಮೊದಲು, ನೆನಪಿನಲ್ಲಿರುವುದನ್ನು ಬರೆದಿಡುವುದು ಅಗತ್ಯ. ಪುಸ್ತಕದ ಚಿತ್ರವನ್ನು ಒಮ್ಮೆ ನೋಡಿದ ಮೇಲೆ ಅದರಲ್ಲಿರುವ ಗುರುತುಗಳು ನೋಡಿದವರ ನೆನಪಿನೊಳಗೆ ಸೇರಿಕೊಳ್ಳುತ್ತವೆ. ಆಮೇಲೆ ನಿಜವಾಗಿ ಕಂಡದ್ದು ಯಾವುದು, ಪುಸ್ತಕದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಪ್ರಶ್ನೆ ಕೇಳುವವರಿಗೂ ಇದೇ ಎಚ್ಚರ ಬೇಕು. "ಕಣ್ಣಿನ ಮೇಲೆ ಬಿಳಿ ಹುಬ್ಬು ಇತ್ತೇ?" ಎಂದು ಕೇಳಿದರೆ ಬಹುಮಂದಿ "ಇದ್ದಂತೆ ನೆನಪು" ಎಂದೇ ಉತ್ತರಿಸುತ್ತಾರೆ. "ಮುಖದ ಮೇಲೆ ಏನಾದರೂ ಗುರುತು ಕಂಡಿತೇ, ಎಲ್ಲಿ?" ಎಂದು ಕೇಳಿದಾಗ ಬರುವ ಉತ್ತರಕ್ಕೆ ಹೆಚ್ಚು ಬೆಲೆಯಿದೆ. ಕಾಣದೆ ಉಳಿದ ಭಾಗವನ್ನು "ಕಾಣಲಿಲ್ಲ" ಎಂದೇ ಬರೆಯಬೇಕು. "ಇರಲಿಲ್ಲ" ಎಂಬುದು ಬೇರೆಯೇ ಅರ್ಥದ ಮಾತು.

## ಲಕ್ಷಣಗಳು

### ಗಾತ್ರ

ಸೆಂಟಿಮೀಟರುಗಳಲ್ಲಿ ಹೇಳಿದ ಅಳತೆ ಸಾಮಾನ್ಯವಾಗಿ ನಂಬಲರ್ಹವಲ್ಲ. ಪರಿಚಿತ ಹಕ್ಕಿಯೊಂದಿಗೆ ಹೋಲಿಸುವುದೇ ಉತ್ತಮ. 1941ರಲ್ಲಿ ಮೊದಲು ಪ್ರಕಟವಾದ ಸಲೀಂ ಅಲಿಯವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಕೃತಿಯೂ ಗುಬ್ಬಿ, ಬುಲ್‌ಬುಲ್, ಮೈನಾ, ಪಾರಿವಾಳ, ಕಾಗೆಗಳಂತಹ ಹಕ್ಕಿಗಳನ್ನೇ ಅಳತೆಗೋಲಾಗಿ ಬಳಸಿತು. ಗುಬ್ಬಚ್ಚಿ ಸುಮಾರು 15 ಸೆಂ.ಮೀ., ಪಿಕಳಾರ (ಬುಲ್‌ಬುಲ್) 20, ಗೊರವಂಕ (ಮೈನಾ) 23, ಪಾರಿವಾಳ 33, ಊರ ಕಾಗೆ 40ಕ್ಕೂ ತುಸು ಹೆಚ್ಚು.

ಪುಸ್ತಕಗಳಲ್ಲಿ ನೀಡುವ ಉದ್ದವನ್ನು ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆಯಲಾಗಿರುತ್ತದೆ. ಆದ್ದರಿಂದ ಉದ್ದ ಬಾಲದ ಸಣ್ಣ ಹಕ್ಕಿ ಅಂಕಿಗಳಲ್ಲಿ ದೊಡ್ಡದಾಗಿ ಕಾಣುತ್ತದೆ. ಮೈಯ ಗಾತ್ರ ಎಷ್ಟು, ಬಾಲದ ಉದ್ದ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿದರೆ ಈ ಗೊಂದಲ ತಪ್ಪುತ್ತದೆ.

### ಕೊಕ್ಕು

ಕೊಕ್ಕಿನ ಆಕಾರ ಹಕ್ಕಿಯ ಆಹಾರಕ್ರಮವನ್ನು ಸೂಚಿಸುವುದರಿಂದ ಅದು ಪ್ರಭೇದಕ್ಕಿಂತ ಮೊದಲು ಗುಂಪನ್ನು ತಿಳಿಸುತ್ತದೆ. ಕಾಳು ತಿನ್ನುವ ಹಕ್ಕಿಗಳದು ಮೋಟಾದ ಶಂಕುವಿನಾಕಾರ. ಹುಳು ಹೆಕ್ಕುವ ಸಣ್ಣ ಹಕ್ಕಿಗಳದು ತೆಳುವಾದ ನೇರ ಕೊಕ್ಕು. ಬೇಟೆಯ ಹಕ್ಕಿಗಳದು ಕೊಕ್ಕೆಯಂತೆ ಬಾಗಿದ್ದು. ಕೊಕ್ಕಿನ ಉದ್ದವನ್ನು ತಲೆಯ ಉದ್ದಕ್ಕೆ ಹೋಲಿಸಿ ಹೇಳುವುದು ವಾಡಿಕೆ.

### ಗರಿಗಳ ಬಣ್ಣ

ನೋಡಿದವರು ಮೊದಲು ಹೇಳುವುದು ಬಣ್ಣವನ್ನೇ. ಆದರೆ ಅತಿ ಹೆಚ್ಚು ಮೋಸ ಮಾಡುವುದೂ ಅದೇ. ಗಂಡು ನೇರಳೆ ಸೂರಕ್ಕಿ ನೆರಳಿನಲ್ಲಿ ಅಪ್ಪಟ ಕಪ್ಪಾಗಿ, ಬಿಸಿಲಿನಲ್ಲಿ ಹೊಳೆಯುವ ನೀಲಿ-ನೇರಳೆಯಾಗಿ ಕಾಣುತ್ತದೆ. ಆಕಾಶಕ್ಕೆ ಎದುರಾಗಿ ಕುಳಿತ ಯಾವ ಹಕ್ಕಿಯಾದರೂ ಕಪ್ಪಾಗಿಯೇ ತೋರಬಹುದು. ಬಣ್ಣ ಯಾವುದು ಎಂಬುದಕ್ಕಿಂತ ಅದು ಮೈಯ ಯಾವ ಭಾಗದಲ್ಲಿತ್ತು ಎಂಬುದು ಹೆಚ್ಚು ಉಪಯುಕ್ತ. ನೆತ್ತಿ, ಹುಬ್ಬು, ಕೆನ್ನೆ, ಗಂಟಲು, ಎದೆ, ಹೊಟ್ಟೆ, ಬೆನ್ನು, ರೆಕ್ಕೆ, ಬಾಲದ ಬುಡ, ಬಾಲದ ಅಂಚು ಎಂದು ಭಾಗಗಳನ್ನು ಹೆಸರಿಸಿ ಕೇಳಿದರೆ ವಿವರಣೆ ತಾನಾಗಿಯೇ ಸ್ಪಷ್ಟಗೊಳ್ಳುತ್ತದೆ.

### ಕೂಗು

"ಇಂಪಾಗಿತ್ತು", "ಕರ್ಕಶವಾಗಿತ್ತು" ಎಂಬ ಮಾತುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಂದು ಕೂಗಿನಲ್ಲಿ ಎಷ್ಟು ಸ್ವರಗಳು, ಅವು ಏರುತ್ತಿದ್ದವೋ ಇಳಿಯುತ್ತಿದ್ದವೋ, ಒಂದೇ ಲಯದಲ್ಲಿ ಮರುಕಳಿಸುತ್ತಿದ್ದವೋ, ಕುಳಿತಾಗ ಕೂಗಿತೋ ಹಾರುವಾಗಲೋ ಎಂಬುದು ಮುಖ್ಯ. ಕೂಗನ್ನು ಅಕ್ಷರಗಳಲ್ಲಿ ಬರೆಯುವ ಕ್ರಮ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆಯಾದರೂ ಲಯ ಮತ್ತು ಸ್ವರಗಳ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ.

### ನೆಲೆ, ಕಾಲ ಮತ್ತು ನಡವಳಿಕೆ

ಸ್ಥಳ ಮತ್ತು ತಿಂಗಳು ಗೊತ್ತಾದರೆ ಪಟ್ಟಿ ಬಹುಬೇಗ ಚಿಕ್ಕದಾಗುತ್ತದೆ. ಚಳಿಗಾಲದ ವಲಸೆ ಹಕ್ಕಿಯನ್ನು ದಕ್ಷಿಣ ಭಾರತದಲ್ಲಿ ಜೂನ್ ತಿಂಗಳಲ್ಲಿ ನಿರೀಕ್ಷಿಸುವಂತಿಲ್ಲ. ಹಕ್ಕಿ ಕುಪ್ಪಳಿಸಿತೋ ನಡೆಯಿತೋ, ಬಾಲವನ್ನು ಹೇಗೆ ಹಿಡಿದಿತ್ತು, ಹಾರಾಟ ನೇರವಾಗಿತ್ತೋ ಅಲೆಯಂತಿತ್ತೋ ಎಂಬ ನಡವಳಿಕೆಯ ವಿವರಗಳು ಬೆಳಕಿನ ವ್ಯತ್ಯಾಸದಿಂದ ಕೆಡುವುದಿಲ್ಲ. ಈ ಕಾರಣದಿಂದ ಇವು ಹಲವು ಸಲ ಬಣ್ಣಕ್ಕಿಂತ ಭದ್ರವಾದ ಸಾಕ್ಷ್ಯವಾಗುತ್ತವೆ.

## ಉದಾಹರಣೆ: ಒಂದು ಕಪ್ಪು-ಬಿಳಿ ಹಕ್ಕಿ

ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಹಕ್ಕಿಯೊಂದರ ಚಿತ್ರ ತೆಗೆದ ವಿದ್ಯಾರ್ಥಿಯೊಬ್ಬನ ಮೊಬೈಲ್ ಕೆಟ್ಟು ಚಿತ್ರ ನಾಶವಾಗಿದೆ ಎಂದಿಟ್ಟುಕೊಳ್ಳಬಹುದು. ಅವನ ಮೊದಲ ವಿವರಣೆ ಹೀಗಿದೆ: "ಜೂನ್ ತಿಂಗಳು, ಬೆಳಿಗ್ಗೆ. ಕೆರೆಯ ಪಕ್ಕದ ಮನೆಯ ತಾರಸಿಯ ಮೇಲೆ ಕುಳಿತಿತ್ತು. ಗೊರವಂಕಕ್ಕಿಂತ ಸ್ವಲ್ಪ ಚಿಕ್ಕದು. ಮೈ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯಲ್ಲಿ ಬಿಳಿ ಪಟ್ಟಿ. ಕೊಕ್ಕು ತೆಳು. ಬಾಲ ಆಡಿಸುತ್ತಿತ್ತು. ಇಂಪಾಗಿ ಹಾಡುತ್ತಿತ್ತು."

ಈ ವಿವರಣೆಗೆ ಮೊದಲ ನೋಟಕ್ಕೆ ಐದು ಹಕ್ಕಿಗಳನ್ನಾದರೂ ಪರಿಗಣಿಸಬೇಕಾಗುತ್ತದೆ: ಮಡಿವಾಳ ಹಕ್ಕಿ, ಬಿಳಿ ಹುಬ್ಬಿನ ಸಿಪಿಲೆ, ಚಳಿಗಾಲದ ಬಿಳಿ ಸಿಪಿಲೆ, ಕಪ್ಪು-ಬಿಳಿ ಮಿಂಚುಳ್ಳಿ ಮತ್ತು ಪೈಡ್ ಬುಷ್‌ಚಾಟ್ ಎಂಬ ಪೊದೆಗಾಡಿನ ಸಣ್ಣ ಹಕ್ಕಿ.

ಮೂರು ಹಕ್ಕಿಗಳನ್ನು ಸುಲಭವಾಗಿ ಕೈಬಿಡಬಹುದು. ಮಿಂಚುಳ್ಳಿಯ ಕೊಕ್ಕು ತಲೆಗಿಂತ ಉದ್ದವಾದ ಬಾಕಿನಂತಹದು. "ತೆಳು ಕೊಕ್ಕು" ಎಂಬ ಮಾತು ಅದಕ್ಕೆ ಒಪ್ಪುವುದಿಲ್ಲ. ಪೈಡ್ ಬುಷ್‌ಚಾಟ್ ಗುಬ್ಬಚ್ಚಿಗಿಂತಲೂ ಚಿಕ್ಕದು, ಸುಮಾರು 13 ಸೆಂ.ಮೀ.; ಅದರ ಗಂಡಿನ ಎದೆಯೂ ಹೊಟ್ಟೆಯ ಬಹುಭಾಗವೂ ಕಪ್ಪು, ಬಿಳಿ ಇರುವುದು ರೆಕ್ಕೆಯ ಮಚ್ಚೆ, ಬಾಲದ ಬುಡ ಮತ್ತು ಕೆಳಹೊಟ್ಟೆಯಲ್ಲಿ ಮಾತ್ರ. ಬಿಳಿ ಸಿಪಿಲೆ ಚಳಿಗಾಲದ ಅತಿಥಿಯಾದ್ದರಿಂದ ಜೂನ್ ತಿಂಗಳು ಅದನ್ನು ಹೊರಗಿಡುತ್ತದೆ.

ಉಳಿದ ಎರಡನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ. ಮಡಿವಾಳ ಹಕ್ಕಿ ಸುಮಾರು 19-20 ಸೆಂ.ಮೀ., ಬಿಳಿ ಹುಬ್ಬಿನ ಸಿಪಿಲೆ ಸುಮಾರು 21 ಸೆಂ.ಮೀ.; ಆದ್ದರಿಂದ ಉದ್ದದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಎರಡರ ಕೊಕ್ಕೂ ತೆಳು. ಎರಡರಲ್ಲಿಯೂ ಬೆನ್ನು, ಗಂಟಲು, ಎದೆ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯಲ್ಲಿ ಬಿಳಿ ಪಟ್ಟಿ, ಬಾಲದ ಅಂಚಿನ ಗರಿಗಳು ಬಿಳಿ. ಎರಡೂ ವರ್ಷವಿಡೀ ಇಲ್ಲಿಯೇ ನೆಲೆಸುವ ಹಕ್ಕಿಗಳು, ಎರಡೂ ಮನೆಗಳ ಬಳಿ ಕಾಣಸಿಗುತ್ತವೆ, ಎರಡೂ ಇಂಪಾಗಿ ಹಾಡುತ್ತವೆ. ಕೆರೆಯ ಸಾಮೀಪ್ಯ ಸಿಪಿಲೆಯ ಕಡೆಗೆ ತೂಗುತ್ತದೆಯಾದರೂ ಕೆರೆಯ ಪಕ್ಕದ ತೋಟದಲ್ಲಿ ಮಡಿವಾಳವೂ ಇರಬಹುದು. ಈ ಹಂತದಲ್ಲಿ ಹೆಸರು ಹೇಳಿದರೆ ಅದು ಊಹೆಯೇ ಆಗುತ್ತದೆ.

ಇಲ್ಲಿ ಸರಿಯಾಗಿ ಆಯ್ದ ನಾಲ್ಕು ಪ್ರಶ್ನೆಗಳು ಬೇಕಾಗುತ್ತವೆ:

1. ಬಾಲವನ್ನು ಹೇಗೆ ಆಡಿಸುತ್ತಿತ್ತು? ಮಡಿವಾಳವು ಬಾಲವನ್ನು ಹೆಚ್ಚಾಗಿ ಬೆನ್ನಿನ ಮೇಲಕ್ಕೆ ನಿಗುರಿಸಿ ಹಿಡಿಯುತ್ತದೆ. ಸಿಪಿಲೆಯು ಬಾಲವನ್ನು ಮೈಯ ನೇರಕ್ಕೆ ಚಾಚಿ ಮೇಲಕ್ಕೂ ಕೆಳಕ್ಕೂ ಬಿಡದೆ ತೂಗುತ್ತದೆ.
2. ನೆಲದ ಮೇಲೆ ಹೇಗೆ ಸಾಗಿತು? ಮಡಿವಾಳ ಕುಪ್ಪಳಿಸುತ್ತದೆ. ಸಿಪಿಲೆ ಒಂದು ಕಾಲಿನ ಮುಂದೆ ಇನ್ನೊಂದನ್ನಿಟ್ಟು ಸರಸರನೆ ಓಡುತ್ತದೆ.
3. ಮುಖದ ಮೇಲೆ ಏನು ಕಂಡಿತು? ಗಂಡು ಮಡಿವಾಳದ ತಲೆ ಪೂರ್ತಿ ಕಪ್ಪು. ಸಿಪಿಲೆಗೆ ಕೊಕ್ಕಿನ ಬುಡದಿಂದ ಕಣ್ಣಿನ ಮೇಲೆ ಹಾದು ಹೋಗುವ ಅಗಲವಾದ ಬಿಳಿ ಹುಬ್ಬು ಇದೆ.
4. ಹೇಗೆ ಹಾರಿಹೋಯಿತು? ಸಿಪಿಲೆಯದು ಏರಿ ಇಳಿಯುವ ಅಲೆಯಂತಹ ಹಾರಾಟ. ಹಾರುವಾಗ ಚುಟುಕಾದ, ಚೂಪಾದ ಕೂಗನ್ನು ಹೊರಡಿಸುತ್ತದೆ.

ವಿದ್ಯಾರ್ಥಿಯ ಉತ್ತರಗಳು ಹೀಗಿವೆ: "ಬಾಲ ಮೇಲೆ ಕೆಳಗೆ ಆಡುತ್ತಲೇ ಇತ್ತು. ತಾರಸಿಯ ಮೇಲೆ ಓಡಿತು. ಕಣ್ಣಿನ ಹತ್ತಿರ ವಿಭೂತಿ ಎಳೆದಂತೆ ಬಿಳಿ ಗೆರೆ ಇತ್ತು. ಹಾರಿಹೋದದ್ದನ್ನು ನೋಡಲಿಲ್ಲ." ಮೂರು ಉತ್ತರಗಳು ಒಂದನ್ನೊಂದು ಅವಲಂಬಿಸದೆ ಒಂದೇ ಹಕ್ಕಿಯತ್ತ ಬೊಟ್ಟು ಮಾಡುತ್ತವೆ, ನಾಲ್ಕನೆಯದು ಕಾಣದೆ ಉಳಿದಿದೆಯೇ ಹೊರತು ವಿರುದ್ಧವಾಗಿಲ್ಲ. ಹೀಗಾಗಿ ಇದು ಬಿಳಿ ಹುಬ್ಬಿನ ಸಿಪಿಲೆ (ಮೊಟಾಸಿಲ್ಲಾ ಮದೆರಾಸ್ಪಟೆನ್ಸಿಸ್) ಎಂದು ನಿರ್ಣಯಿಸಬಹುದು. ಆಡುಮಾತಿನಲ್ಲಿ ಸಿಪಿಲೆಗಳಿಗೆ ಕುಂಡೆಕುಸ್ಕ ಎಂಬ ಹೆಸರೂ ಇದೆ. ಬಾಲದ ಆಟವೇ ಆ ಹೆಸರಿಗೆ ಕಾರಣ.

ಮೊದಲ ವಿವರಣೆಯ "ಬಾಲ ಆಡಿಸುತ್ತಿತ್ತು" ಎಂಬ ಮಾತು ಎರಡೂ ಹಕ್ಕಿಗಳಿಗೆ ಹೊಂದುತ್ತಿತ್ತು. ಆಡಿಸಿದ ಬಗೆಯನ್ನು ಕೇಳಿದಾಗ ಮಾತ್ರ ಅದು ಸಾಕ್ಷ್ಯವಾಯಿತು. ಹುಬ್ಬಿನ ಬಗ್ಗೆ ನೇರವಾಗಿ ಕೇಳದಿದ್ದರೂ ವಿದ್ಯಾರ್ಥಿಯೇ ತನ್ನದಾದ ಹೋಲಿಕೆಯಲ್ಲಿ ಅದನ್ನು ಹೇಳಿದ್ದರಿಂದ ಆ ಉತ್ತರದ ತೂಕ ಹೆಚ್ಚುತ್ತದೆ.

## ತಪ್ಪುಗಳಿಗೆ ಕಾರಣಗಳು

ಲಿಂಗ ಮತ್ತು ವಯಸ್ಸಿನ ವ್ಯತ್ಯಾಸವನ್ನು ಮರೆಯುವುದು ಸಾಮಾನ್ಯವಾದ ತಪ್ಪು. ಹೆಣ್ಣು ಮಡಿವಾಳದ ತಲೆ ಮತ್ತು ಎದೆ ಕಪ್ಪಲ್ಲ, ಬೂದು ಬಣ್ಣದವು. ಎಳೆಯ ಸಿಪಿಲೆಯ ಮೈಯಲ್ಲಿಯೂ ಕಪ್ಪಿನ ಬದಲು ಕಂದು-ಬೂದು ಇರುತ್ತದೆ. ಬಣ್ಣ ಹೊಂದಲಿಲ್ಲವೆಂದು ಇಂತಹವನ್ನು ಪಟ್ಟಿಯಿಂದ ತೆಗೆದುಹಾಕಬಾರದು.

ಸ್ಥಳೀಯ ಹೆಸರುಗಳಿಂದಲೂ ಗೊಂದಲ ಉಂಟಾಗುತ್ತದೆ. ಒಂದೇ ಹಕ್ಕಿಗೆ ಊರಿಂದೂರಿಗೆ ಬೇರೆ ಹೆಸರಿರಬಹುದು, ಒಂದೇ ಹೆಸರು ಹಲವು ಹಕ್ಕಿಗಳಿಗೆ ಸಲ್ಲಬಹುದು. ಹೇಳಿದವರು ಬಳಸಿದ ಹೆಸರನ್ನು ಬರೆದುಕೊಂಡರೂ ನಿರ್ಣಯವನ್ನು ಲಕ್ಷಣಗಳ ಮೇಲೆಯೇ ಮಾಡಬೇಕು.

ಕೂಗಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮಡಿವಾಳ ಹಕ್ಕಿ ಇತರ ಹಕ್ಕಿಗಳ ಸ್ವರಗಳನ್ನು ಅನುಕರಿಸಬಲ್ಲದು. ಆದ್ದರಿಂದ ಕೂಗುವ ಹಕ್ಕಿಯನ್ನು ಕಣ್ಣಾರೆ ಕಂಡದ್ದೋ, ಅಥವಾ ಕೂಗು ಬಂದ ಮರದಲ್ಲಿ ಬೇರೆ ಹಕ್ಕಿಯನ್ನು ಕಂಡದ್ದೋ ಎಂದು ವಿಚಾರಿಸುವುದು ಅವಶ್ಯ.

## ಮಿತಿಗಳು

ಎಷ್ಟೇ ಎಚ್ಚರಿಕೆಯಿಂದ ಪಡೆದ ವಿವರಣೆಯೂ ಕೆಲವು ಹಕ್ಕಿಗಳನ್ನು ಬೇರ್ಪಡಿಸಲಾರದು. ಎಲೆಗಳ ನಡುವೆ ಹುಳು ಹೆಕ್ಕುವ ವಲಸೆಯ ಹಸಿರು ಉಲಿಯಕ್ಕಿಗಳಲ್ಲಿ ಹಲವು ಬಣ್ಣ ಮತ್ತು ಆಕಾರದಲ್ಲಿ ಬಹುತೇಕ ಒಂದೇ. ಕೂಗನ್ನು ಸ್ಪಷ್ಟವಾಗಿ ಕೇಳದಿದ್ದರೆ ಅನುಭವಿಗಳೂ ಪ್ರಭೇದ ಹೇಳಲು ಹಿಂಜರಿಯುತ್ತಾರೆ. ಭಾರತದ ಕೊಳಬಕ ಮತ್ತು ಚೀನಾ ಕೊಳಬಕಗಳು ಸಂತಾನೋತ್ಪತ್ತಿಯ ಕಾಲದಲ್ಲಿ ಬೇರೆ ಬೇರೆ ಬಣ್ಣ ತಳೆಯುತ್ತವೆ. ಉಳಿದ ಕಾಲದಲ್ಲಿ ಅವುಗಳನ್ನು ಪ್ರತ್ಯೇಕಿಸುವುದು ಬಹಳ ಕಠಿಣ.

ಈ ಕಾರಣದಿಂದ ನಿರ್ಣಯವನ್ನು ಮೂರು ಮಟ್ಟಗಳಲ್ಲಿ ದಾಖಲಿಸುವುದು ಅನುಕೂಲಕರ. ಪರಸ್ಪರ ಸ್ವತಂತ್ರವಾದ ಎರಡು ಮೂರು ಲಕ್ಷಣಗಳು ಒಂದೇ ಪ್ರಭೇದಕ್ಕೆ ಹೊಂದಿ ಉಳಿದವು ಹೊರಗುಳಿದರೆ "ಖಚಿತ" ಎಂದೂ, ಒಂದೇ ಲಕ್ಷಣದ ಮೇಲೆ ನಿಂತಿದ್ದರೆ "ಸಂಭಾವ್ಯ" ಎಂದೂ, ಅದೂ ಇಲ್ಲದಿದ್ದರೆ "ಸಿಪಿಲೆ ಜಾತಿಯ ಹಕ್ಕಿ" ಎಂಬಂತೆ ಗುಂಪಿನ ಹೆಸರನ್ನಷ್ಟೇ ಬರೆಯಬಹುದು. ಗುಂಪಿನ ಮಟ್ಟದಲ್ಲಿ ನಿಲ್ಲಿಸಿದ ದಾಖಲೆ ಮುಂದೆ ಅದೇ ಜಾಗದಲ್ಲಿ ಹಕ್ಕಿ ಮತ್ತೆ ಕಂಡಾಗ ಪೂರ್ಣಗೊಳ್ಳಬಹುದು. ಊಹೆಯಿಂದ ಬರೆದ ಪ್ರಭೇದದ ಹೆಸರಾದರೋ ಖಚಿತ ದಾಖಲೆಗಳ ನಡುವೆ ಸೇರಿಹೋಗಿ, ಅನಂತರ ಅದನ್ನು ಪತ್ತೆ ಹಚ್ಚಿ ತೆಗೆಯುವುದು ಕಷ್ಟವಾಗುತ್ತದೆ.