ಡಿಜಿಟಲ್ ಕಥನ: ಒಂದೇ ಟ್ಯಾಬ್ಲೆಟ್ಟಿನ ತರಗತಿಯಲ್ಲಿ

ಮಕ್ಕಳು ಬರೆದ ಚಿತ್ರಗಳನ್ನೂ ಅವರದೇ ಧ್ವನಿಯನ್ನೂ ಕೂಡಿಸಿ ಪರದೆಯ ಮೇಲೆ ಕಥೆಯನ್ನು ನಿರೂಪಿಸುವ ವಿಧಾನ. ಮನೆಯಲ್ಲಿ ಟ್ಯಾಬ್ಲೆಟ್ ಇಲ್ಲದ ಮಕ್ಕಳೇ ಬಹುಸಂಖ್ಯೆಯಲ್ಲಿರುವ ತರಗತಿಯಲ್ಲಿ ಕಥಾರಚನೆಯೆಲ್ಲವೂ ಮೊದಲು ಕಾಗದದ ಮೇಲೆಯೇ ಮುಗಿದು, ಛಾಯಾಗ್ರಹಣ, ಧ್ವನಿಮುದ್ರಣ ಹಾಗೂ ಜೋಡಣೆಗೆ ಮಾತ್ರ ಟ್ಯಾಬ್ಲೆಟ್ ಮೀಸಲಾಗತಕ್ಕದ್ದು.

2014ರಲ್ಲಿ ಬಿಡುಗಡೆಯಾದ ಸ್ಕ್ರ್ಯಾಚ್ ಜೂನಿಯರ್ ಎಂಬ ಉಚಿತ ತಂತ್ರಾಂಶವು ಅಂತರ್ಜಾಲವಿಲ್ಲದೆಯೂ ನಡೆಯುವುದಲ್ಲದೆ, ಅದರಲ್ಲಿ ಒಂದು ಕೃತಿಗೆ ಗರಿಷ್ಠ ನಾಲ್ಕು ಪುಟಗಳಿರುವುದರಿಂದ, ತರಗತಿಯನ್ನು ನಾಲ್ಕು ತಂಡಗಳಾಗಿ ವಿಭಾಗಿಸಿ ತಂಡಕ್ಕೊಂದು ಪುಟವನ್ನು ವಹಿಸುವುದು ಸುಲಭ. ಕಾಗಕ್ಕ-ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಂಡರೆ, ಮನೆ ಕಟ್ಟಿದ್ದು ಒಂದು ತಂಡಕ್ಕೆ, ಕಾಗಕ್ಕನ ಮನೆ ಮಳೆಗೆ ಕೊಚ್ಚಿಹೋದದ್ದು ಎರಡನೆಯದಕ್ಕೆ, ಗುಬ್ಬಕ್ಕನ ಕದ ತಟ್ಟಿದ್ದು ಮೂರನೆಯದಕ್ಕೆ, ಮುಂದಿನದು ನಾಲ್ಕನೆಯದಕ್ಕೆ ಸಲ್ಲುತ್ತದೆ. ಒಂದು ತಂಡವು ಮುದ್ರಿಸುತ್ತಿರುವಾಗ ಉಳಿದವು ಚಿತ್ರ ಬರೆಯುತ್ತಲೋ ಮಾತನ್ನು ಅಭ್ಯಾಸ ಮಾಡುತ್ತಲೋ ಇರುತ್ತವೆ.

ತರಗತಿಯ ಗದ್ದಲವು ಧ್ವನಿಯನ್ನು ನುಂಗುವುದೇ ಇಲ್ಲಿನ ಮುಖ್ಯ ತೊಡಕು. ಮುದ್ರಿಸಿದೊಡನೆ ಕೇಳಿಸಿ, ಹಿಂದಿನ ಬೆಂಚಿನವರಿಗೆ ಮಾತು ತಿಳಿಯದಿದ್ದರೆ ಜಗುಲಿಯಲ್ಲಿ ಪುನಃ ಮುದ್ರಿಸಬೇಕು. ಚುರುಕಾದ ಒಬ್ಬನೇ ಸಾಧನವನ್ನು ಹಿಡಿದುಕೊಳ್ಳದಂತೆ, ಚಿತ್ರ ಬರೆದವನು ಮುದ್ರಿಸಬಾರದೆಂಬ ನಿಯಮವನ್ನಿಟ್ಟು ಸರದಿಯನ್ನು ಗೋಡೆಗೆ ಅಂಟಿಸುವುದು ಉಚಿತ. ಪರದೆಯ ಕೃತಿಯನ್ನು ಮನೆಗೆ ಒಯ್ಯಲಾಗದಾದ್ದರಿಂದ, ಮೂಲಚಿತ್ರಗಳನ್ನು ಮಕ್ಕಳಿಗೇ ಹಿಂದಿರುಗಿಸಿ, ಕೃತಿಯನ್ನು ಪೋಷಕರ ಸಭೆಯಲ್ಲಿ ಪ್ರದರ್ಶಿಸುವುದು ಯೋಗ್ಯ.